ಸಂಬಳ ಏರಿತು, ಪಿಎಫ್ ಸಾಲು ಏರಲಿಲ್ಲ

ನಮ್ಮ ಚಿಕ್ಕಪ್ಪ ಪೀಣ್ಯದ ಒಂದು ಮಷಿನ್ ಶಾಪ್‌ನಿಂದ ರಿಟೈರ್ ಆದಾಗ, ಬಿಸ್ಕತ್ ಡಬ್ಬದಲ್ಲಿ ಇಟ್ಟಿದ್ದ ಹಳೇ ಪೇಸ್ಲಿಪ್‌ಗಳನ್ನೆಲ್ಲ ತೆಗೆದು ಚಾಪೆ ಮೇಲೆ ಹರಡಿದರು. ಬೇಸಿಕ್ ಸಂಬಳದ ಸಾಲು ವರ್ಷ ವರ್ಷವೂ ಬದಲಾಗಿತ್ತು. ಪಿಎಫ್ ಕಡಿತದ ಸಾಲು ಮಾತ್ರ ವರ್ಷಗಟ್ಟಲೆ 780 ರೂಪಾಯಿ. 2014ರ ಸೆಪ್ಟೆಂಬರ್ ಸಂಬಳದಿಂದ 1,800. ಅಲ್ಲಿಂದ ಕೊನೇ ತಿಂಗಳವರೆಗೂ ಅದೇ 1,800. "ಸಂಬಳ ಇಷ್ಟು ಜಾಸ್ತಿ ಆಯ್ತಲ್ಲ, ಪಿಎಫ್ ಯಾಕಮ್ಮ ಹಾಗೇ ಇದೆ?" ಅಂತ ಕೇಳಿದರು.

ಅವರ ಪ್ರಶ್ನೆಗೆ ಉತ್ತರ 1952ರಲ್ಲಿದೆ. ಆ ವರ್ಷ ನೌಕರರ ಭವಿಷ್ಯ ನಿಧಿ ಕಾಯ್ದೆ ಬಂತು. ನವೆಂಬರ್ 1ರಿಂದ ಯೋಜನೆ ಶುರುವಾಯಿತು. ಮೊದಲು ಸಿಮೆಂಟ್, ಸಿಗರೇಟ್, ಎಂಜಿನಿಯರಿಂಗ್, ಕಬ್ಬಿಣ-ಉಕ್ಕು, ಕಾಗದ, ಜವಳಿ ಎಂಬ ಆರು ಉದ್ಯಮಗಳಿಗೆ ಮಾತ್ರ. ಆಗಲೇ ಒಂದು ಮಿತಿಯನ್ನೂ ಹಾಕಿದರು. ತಿಂಗಳಿಗೆ 300 ರೂಪಾಯಿವರೆಗಿನ ಸಂಬಳದವರಿಗೆ ಪಿಎಫ್ ಕಡ್ಡಾಯ. ಅದಕ್ಕಿಂತ ಜಾಸ್ತಿ ಇದ್ದರೆ ಕಾನೂನಿನ ಒತ್ತಾಯ ಇರಲಿಲ್ಲ.

ಈ ಮಿತಿ ಆಮೇಲೆ ಏರುತ್ತಾ ಬಂತು, ಆದರೆ ಸಂಬಳದ ಜೊತೆಜೊತೆಗೆ ಏರಲಿಲ್ಲ. 1957ರಲ್ಲಿ 500, 1962ರ ಕೊನೆಗೆ 1,000. ಆಮೇಲೆ ಸುಮಾರು 14 ವರ್ಷ ಅಲ್ಲೇ ನಿಂತು 1976ರಲ್ಲಿ 1,600. ಮುಂದೆ 2,500, 3,500, 5,000. 2001ರ ಜೂನ್‌ನಲ್ಲಿ 6,500. ಅದೂ 13 ವರ್ಷ ಅಲ್ಲಾಡಲಿಲ್ಲ. 2014ರ ಸೆಪ್ಟೆಂಬರ್ 1ಕ್ಕೆ 15,000 ಆಯಿತು. ಆ ನಂತರ ಹತ್ತು ವರ್ಷ ತುಂಬಿದಾಗಲೂ ಮಿತಿ 15,000ವೇ ಆಗಿತ್ತು.

ಈಗ ಚಿಕ್ಕಪ್ಪನ ಪೇಸ್ಲಿಪ್ ಅರ್ಥ ಆಗುತ್ತೆ. ನೌಕರನ ಪಿಎಫ್ ಕಡಿತ ಸಂಬಳದ ಶೇ 12. ಸಂಬಳ ಮಿತಿ ದಾಟಿದವರಿಗೆ ಮಿತಿಯ ಶೇ 12 ಕಟ್ಟಿದರೆ ಕಾನೂನಿಗೆ ಸಾಕು. 6,500ರ ಶೇ 12 ಅಂದರೆ 780. 15,000ದ ಶೇ 12 ಅಂದರೆ 1,800. ಅವರ ಕಾರ್ಖಾನೆ ಕಾನೂನಿಗೆ ಬೇಕಾದಷ್ಟೇ ಕಟ್ಟುತ್ತಿತ್ತು. ಅದು ತಪ್ಪೇನೂ ಅಲ್ಲ. ಮಿತಿ ಮೀರಿದ ಸಂಬಳಕ್ಕೂ ಶೇ 12 ಕಟ್ಟುವ ಕಂಪನಿಗಳು ಬೆಂಗಳೂರಿನಲ್ಲಿ ಇವೆ, ಮಿತಿಗೆ ನಿಲ್ಲಿಸುವವೂ ಇವೆ. ಆದರೆ ಕೆಲಸಕ್ಕೆ ಸೇರುವಾಗ ನೀವು ಯಾವುದರಲ್ಲಿದ್ದೀರಿ ಅಂತ ಯಾರೂ ಕೂರಿಸಿಕೊಂಡು ಹೇಳುವುದಿಲ್ಲ. ನನಗೆ ಬೇಜಾರಾಗುವುದು ಇಲ್ಲೇ. ಯಾಕೆಂದರೆ ರಿಟೈರ್ ಆಗುವ ದಿನದ ಮೊತ್ತವನ್ನು ಬಡ್ಡಿ ದರಕ್ಕಿಂತಲೂ ಜಾಸ್ತಿ ಬದಲಾಯಿಸುವುದು ಈ ಒಂದು ವಿಷಯ.

ಲೆಕ್ಕ ಹಾಕಿಯೇ ನೋಡೋಣ. 28 ವರ್ಷದ ಒಬ್ಬ ಹೆಣ್ಣುಮಗಳು ಮಾರ್ಚ್ 1ಕ್ಕೆ ಕೆಲಸಕ್ಕೆ ಸೇರುತ್ತಾಳೆ. ಬೇಸಿಕ್ ಮತ್ತು ಡಿಎ ಸೇರಿ 15,000. ಅವಳ ಕೈಯಿಂದ 1,800 ಹೋಗುತ್ತೆ, ಮಾಲೀಕರೂ 1,800 ಕಟ್ಟುತ್ತಾರೆ. ಆದರೆ ಮಾಲೀಕರ ಪಾಲು ಪೂರ್ತಿ ಪಿಎಫ್‌ಗೆ ಬರುವುದಿಲ್ಲ. 1995ರ ನವೆಂಬರ್‌ನಲ್ಲಿ ಪಿಂಚಣಿ ಯೋಜನೆ ಬಂದ ಮೇಲೆ, ಮಾಲೀಕರ ಶೇ 12ರಲ್ಲಿ ಶೇ 8.33 ಅಲ್ಲಿಗೆ ಹೋಗುತ್ತೆ. ಇಲ್ಲಿ ಅದು 1,250. ಪಿಎಫ್‌ಗೆ ಉಳಿಯುವುದು 550. ಅಲ್ಲಿಗೆ ಅವಳ ಖಾತೆಗೆ ತಿಂಗಳಿಗೆ 2,350 ಬೀಳುತ್ತೆ. ಪಾಸ್‌ಬುಕ್‌ನಲ್ಲಿ ಪಿಂಚಣಿಯದು ಬೇರೆ ಕಾಲಂ. ಅದಕ್ಕೆ ಬಡ್ಡಿ ಸೇರುವುದಿಲ್ಲ. ತುಂಬಾ ಜನ ಆ ಕಾಲಮ್ಮನ್ನೂ ಕೂಡಿಸಿ, ಆಮೇಲೆ ದುಡ್ಡು ಕಡಿಮೆ ಬಂತು ಅಂತ ಗಾಬರಿಯಾಗುತ್ತಾರೆ.

ಬಡ್ಡಿ ಹೇಗೆ ಬೀಳುತ್ತೆ? ಯೋಜನೆಯ 60ನೇ ಪ್ಯಾರಾ ಹೇಳುವುದು ಹೀಗೆ. ವರ್ಷದ ಶುರುವಿನಲ್ಲಿ ಇದ್ದ ಮೊತ್ತಕ್ಕೆ ಪೂರ್ತಿ 12 ತಿಂಗಳ ಬಡ್ಡಿ. ಆ ವರ್ಷ ಜಮೆಯಾದ ಪ್ರತಿ ಕಂತಿಗೆ, ಜಮೆಯಾದ ಮುಂದಿನ ತಿಂಗಳ 1ನೇ ತಾರೀಖಿನಿಂದ ಮಾರ್ಚ್ 31ರವರೆಗೆ ಬಡ್ಡಿ. ಮಾರ್ಚ್ ಸಂಬಳದ ಕಂತನ್ನು ಏಪ್ರಿಲ್ 15ರೊಳಗೆ ಕಟ್ಟಬೇಕು. ಹಾಗೆ ಏಪ್ರಿಲ್‌ನಲ್ಲಿ ಬಂದ ಕಂತಿಗೆ 11 ತಿಂಗಳ ಬಡ್ಡಿ, ಮೇನಲ್ಲಿ ಬಂದದ್ದಕ್ಕೆ 10 ತಿಂಗಳದ್ದು. ಹೀಗೇ ಇಳಿಯುತ್ತಾ, ಮಾರ್ಚ್‌ನಲ್ಲಿ ಬಂದ ಕಂತಿಗೆ ಆ ವರ್ಷ ಏನೂ ಇಲ್ಲ. ಎಲ್ಲ ಕೂಡಿದರೆ ಒಂದು ಕಂತಿನ 66 ತಿಂಗಳ ಬಡ್ಡಿಯಷ್ಟಾಗುತ್ತೆ.

2023-24ರಲ್ಲಿ ಕೊಟ್ಟ ದರ ಶೇ 8.25. ಅದನ್ನೇ ಹಿಡಿದರೆ ಮೊದಲ ವರ್ಷ ಅವಳು ಮತ್ತು ಮಾಲೀಕರು ಹಾಕಿದ್ದು 28,200. ಬಡ್ಡಿ 1,066. ಮಾರ್ಚ್ 31ಕ್ಕೆ 29,266. ಎರಡನೇ ವರ್ಷ ಈ 29,266ಕ್ಕೆ 12 ತಿಂಗಳ ಬಡ್ಡಿ, ಹೊಸ ಕಂತುಗಳಿಗೆ ಮತ್ತೆ ಅದೇ 66ರ ಲೆಕ್ಕ. ಎಕ್ಸೆಲ್‌ನಲ್ಲಿ ನೋಡುವವರಿಗೆ ಒಂದು ಸಾಲು ಸಾಕು. `A2` ವರ್ಷದ ಶುರುವಿನ ಬ್ಯಾಲೆನ್ಸ್, `B2` ತಿಂಗಳ ಕಂತು:

```
=A2*(1+8.25%) + B2*12 + B2*66*8.25%/12
```

ಇಲ್ಲಿ ಒಂದು ಸೂಕ್ಷ್ಮ ಇದೆ. ಬಡ್ಡಿಯನ್ನು ತಿಂಗಳ ಬ್ಯಾಲೆನ್ಸ್ ಮೇಲೆ ಎಣಿಸುತ್ತಾರೆ, ಆದರೆ ಅಸಲಿಗೆ ಸೇರಿಸುವುದು ವರ್ಷಕ್ಕೆ ಒಂದೇ ಸಲ. ಜೂನ್ ಬಡ್ಡಿಗೆ ಜುಲೈನಲ್ಲಿ ಬಡ್ಡಿ ಹುಟ್ಟುವುದಿಲ್ಲ. ತಿಂಗಳು ತಿಂಗಳೂ ಬಡ್ಡಿಯನ್ನು ಅಸಲಿಗೆ ಸೇರಿಸಿ ಲೆಕ್ಕ ಹಾಕುವ ಕ್ಯಾಲ್ಕುಲೇಟರ್ ಬಳಸಿದರೆ ಇದೇ 2,350ಕ್ಕೆ 30 ವರ್ಷದಲ್ಲಿ 36.85 ಲಕ್ಷ ತೋರಿಸುತ್ತೆ. ಸರಿಯಾದ ಉತ್ತರ 34.71 ಲಕ್ಷ. ಎರಡು ಲಕ್ಷಕ್ಕೂ ಜಾಸ್ತಿ ಸುಳ್ಳು ಆಸೆ. ಇನ್ನೊಂದು ಕಡೆಯ ತಪ್ಪೂ ಇದೆ. ವರ್ಷದ ಶುರುವಿನ ಮೊತ್ತಕ್ಕೆ ಮಾತ್ರ ಬಡ್ಡಿ ಎಣಿಸಿ ಆ ವರ್ಷದ ಕಂತುಗಳನ್ನು ಬಿಟ್ಟರೆ 33.45 ಲಕ್ಷ ಬರುತ್ತೆ. ಅಂದರೆ ತಿಂಗಳ ಬ್ಯಾಲೆನ್ಸ್ ಲೆಕ್ಕ ಅವಳಿಗೆ ತಂದುಕೊಡುವುದು ಸುಮಾರು 1.26 ಲಕ್ಷ. ಪಾಸ್‌ಬುಕ್‌ನಲ್ಲಿ ಬಡ್ಡಿಯ ಸಾಲು ಕೆಲವು ಸಲ ತಿಂಗಳುಗಟ್ಟಲೆ ತಡವಾಗಿ ಕಾಣುತ್ತೆ. ಅದಕ್ಕೆ ಹೆದರಬೇಕಿಲ್ಲ. ಲೆಕ್ಕಕ್ಕೆ ಅದು ಮಾರ್ಚ್ 31ರದ್ದೇ.

34.71 ಲಕ್ಷ ಅನ್ನೋದು ಕಂತು 30 ವರ್ಷವೂ 2,350ರಲ್ಲೇ ನಿಂತರೆ. ಈಗ ಅದೇ ಹೆಣ್ಣುಮಗಳ ಸಂಬಳ ವರ್ಷಕ್ಕೆ ಶೇ 6 ಏರುತ್ತೆ ಅಂತ ಇಟ್ಟುಕೊಳ್ಳಿ. ಮೂವತ್ತನೇ ವರ್ಷ ಅವಳ ಬೇಸಿಕ್ ಸುಮಾರು 81,000. ಕಂಪನಿ ಪಿಎಫ್ ಅನ್ನು 15,000ಕ್ಕೆ ನಿಲ್ಲಿಸಿದ್ದರೆ, ಈ ಏರಿಕೆ ಪಿಎಫ್‌ಗೆ ಒಂದು ಪೈಸೆಯನ್ನೂ ಸೇರಿಸುವುದಿಲ್ಲ. ಪೂರ್ತಿ ಸಂಬಳಕ್ಕೆ ಕಟ್ಟಿದರೆ? ಇಬ್ಬರದ್ದೂ ಸೇರಿ ಶೇ 24, ಅದರಲ್ಲಿ ಮಿತಿಯ ಮೇಲೇ ಎಣಿಸುವ ಪಿಂಚಣಿಯ 1,250 ಕಳೆದು ಉಳಿದದ್ದೆಲ್ಲ ಪಿಎಫ್‌ಗೆ. 30 ವರ್ಷಕ್ಕೆ 82 ಲಕ್ಷ. ಅದೇ ಕೆಲಸ, ಅದೇ ಸಂಬಳ, ಅದೇ ಬಡ್ಡಿ. ವ್ಯತ್ಯಾಸ 47 ಲಕ್ಷ. ಸುಮ್ನೆ ಬಂದ ದುಡ್ಡಲ್ಲ ಅದು, ನಿಜ. ಪ್ರತಿ ತಿಂಗಳು ಕೈಗೆ ಸಿಗುವ ಸಂಬಳ ಅಷ್ಟು ಕಡಿಮೆ ಆಗಿರುತ್ತೆ. ಆದರೆ ಹೆಚ್ಚು ಹೋದದ್ದರಲ್ಲಿ ಅರ್ಧ ಮಾಲೀಕರ ಪಾಲು, ಅಲ್ವಾ?

ಬಡ್ಡಿ ದರದ ಕಥೆಯೂ ಇದರ ಜೊತೆಗೇ ಓದಬೇಕು. 1952-53ರಲ್ಲಿ ದರ ಶೇ 3. ನಿಧಾನವಾಗಿ ಏರಿ, 1989-90ರಿಂದ ಹತ್ತು ವರ್ಷಕ್ಕೂ ಜಾಸ್ತಿ ಕಾಲ ಶೇ 12ರಲ್ಲಿ ನಿಂತಿತ್ತು. ಚಿಕ್ಕಪ್ಪನ ತಲೆಮಾರಿನವರು ಈಗಲೂ ಆ 12ರ ಮಾತೇ ಆಡುತ್ತಾರೆ. 2000ದ ಜುಲೈಯಿಂದ ಶೇ 11ಕ್ಕೆ ಇಳಿಯಿತು. ಮರುವರ್ಷ 9.5, 2005-06ರಲ್ಲಿ 8.5. 2021-22ರಲ್ಲಿ 8.1ಕ್ಕೆ ಇಳಿದು ಮತ್ತೆ ಸ್ವಲ್ಪ ಏರಿತು. ದರವನ್ನು ವರ್ಷ ವರ್ಷವೂ ಹೊಸದಾಗಿ ನಿಗದಿ ಮಾಡುತ್ತಾರೆ. ಪಿಎಫ್ ಸಂಸ್ಥೆ ಇಪಿಎಫ್‌ಒದ ಟ್ರಸ್ಟಿಗಳ ಮಂಡಳಿ ಶಿಫಾರಸು ಮಾಡಿ, ಹಣಕಾಸು ಸಚಿವಾಲಯ ಒಪ್ಪಬೇಕು. ಹಾಗಾಗಿ 30 ವರ್ಷ ಒಂದೇ ದರ ಅನ್ನೋದು ಲೆಕ್ಕಕ್ಕಾಗಿ ಮಾಡಿಕೊಂಡ ಊಹೆ. ದರ ಶೇ 7.25 ಆದರೆ ನಮ್ಮ 34.71 ಲಕ್ಷ 28.79 ಲಕ್ಷಕ್ಕೆ ಇಳಿಯುತ್ತೆ. ದೊಡ್ಡ ಇಳಿತವೇ. ಆದರೂ ಮಿತಿಯಿಂದ ಆಗುವ 47 ಲಕ್ಷದ ಮುಂದೆ ಚಿಕ್ಕದು.

ಮಧ್ಯದಲ್ಲಿ ದುಡ್ಡು ತೆಗೆಯುವ ವಿಷಯಕ್ಕೆ ಬಂದರೆ ಬೆಂಗಳೂರಿನವರಿಗೆ 2016ರ ಏಪ್ರಿಲ್ ನೆನಪಾಗುತ್ತೆ. ಆ ಫೆಬ್ರವರಿಯಲ್ಲಿ ಕೇಂದ್ರ ಒಂದು ಅಧಿಸೂಚನೆ ಹೊರಡಿಸಿತ್ತು. ಕೆಲಸ ಬಿಟ್ಟವರು ತಮ್ಮ ಪಾಲು ಮತ್ತು ಅದರ ಬಡ್ಡಿ ಮಾತ್ರ ತೆಗೆಯಬಹುದು, ಮಾಲೀಕರ ಪಾಲು 58 ವರ್ಷಕ್ಕೇ ಅಂತ. ಏಪ್ರಿಲ್ 18 ಮತ್ತು 19ರಂದು ಸಾವಿರಾರು ಗಾರ್ಮೆಂಟ್ಸ್ ಕೆಲಸಗಾರರು ರಸ್ತೆಗೆ ಇಳಿದರು. ಹೆಚ್ಚಿನವರು ಹೆಣ್ಣುಮಕ್ಕಳು. ಹೊಸೂರು ರಸ್ತೆ, ತುಮಕೂರು ರಸ್ತೆ ನಿಂತುಹೋದವು. ಬಸ್ಸುಗಳು ಸುಟ್ಟವು, ಲಾಠಿ ಬೀಸಿದರು. 19ರ ಸಂಜೆ ಕಾರ್ಮಿಕ ಸಚಿವ ಬಂಡಾರು ದತ್ತಾತ್ರೇಯ ಅಧಿಸೂಚನೆ ವಾಪಸ್ ಪಡೆದರು.

ಆಗ ಟಿವಿಯಲ್ಲಿ ಕೆಲವರು "ಅವರ ಒಳ್ಳೇದಕ್ಕೇ ಮಾಡಿದ್ದಲ್ಲವಾ" ಅಂದದ್ದು ನನಗೆ ನೆನಪಿದೆ. ಲೆಕ್ಕ ಹಾಗೆ ಅಂದವರ ಕಡೆಗಿದೆ. ಹತ್ತನೇ ವರ್ಷದ ಕೊನೆಗೆ ಒಂದು ಲಕ್ಷ ತೆಗೆದರೆ, ಶೇ 8.25ರಲ್ಲಿ ಮೂವತ್ತನೇ ವರ್ಷಕ್ಕೆ 4.88 ಲಕ್ಷ ಕಡಿಮೆ. ಆದರೆ ಫ್ಯಾಕ್ಟರಿ ಮುಚ್ಚಿ, ಮನೆ ಬಾಡಿಗೆ, ಮಕ್ಕಳ ಫೀಸು ಒಟ್ಟಿಗೇ ಎದುರು ನಿಂತಾಗ, ಕೈಯಲ್ಲಿರುವ ಒಂದೇ ದೊಡ್ಡ ಮೊತ್ತ ಪಿಎಫ್. ಅದಕ್ಕೆ ಬೀಗ ಹಾಕುವ ಮೊದಲು ಆ ಕೆಲಸಗಾರರನ್ನು ಒಂದು ಮಾತು ಕೇಳಬೇಕಿತ್ತು.

ಸಂಬಳ 15,000ಕ್ಕಿಂತ ಕಡಿಮೆ ಇರುವವರಲ್ಲಿ ಪಿಎಫ್ ಇನ್ನೊಂದು ರೀತಿ ಸೋರುತ್ತೆ. ಬೇಸಿಕ್ ಚಿಕ್ಕದಾಗಿ ತೋರಿಸಿ, ಉಳಿದದ್ದನ್ನು ಭತ್ಯೆ ಅಂತ ಬರೆದು, ಪಿಎಫ್ ಅನ್ನು ಬೇಸಿಕ್‌ಗೆ ಮಾತ್ರ ಕಟ್ಟುವುದು. 2019ರ ಫೆಬ್ರವರಿ 28ರಂದು ಸುಪ್ರೀಂ ಕೋರ್ಟ್ ಇದರ ಬಗ್ಗೆ ಸ್ಪಷ್ಟವಾಗಿ ಹೇಳಿತು. ಎಲ್ಲ ನೌಕರರಿಗೂ ಒಂದೇ ಥರ ಸಿಗುವ ಭತ್ಯೆ ಬೇಸಿಕ್‌ನ ಭಾಗವೇ. ನಿಮ್ಮ ಪೇಸ್ಲಿಪ್‌ನ ಪಿಎಫ್ ಕಡಿತವನ್ನು 0.12ರಿಂದ ಭಾಗಿಸಿ. ಯಾವ ಸಂಬಳಕ್ಕೆ ಪಿಎಫ್ ಕಟ್ಟುತ್ತಿದ್ದಾರೆ ಅನ್ನೋದು ಅಲ್ಲೇ ಗೊತ್ತಾಗುತ್ತೆ.

ಮಿತಿಗೆ ನಿಂತವರಿಗೆ ದಾರಿ ಎರಡು. ನೌಕರ ಮತ್ತು ಮಾಲೀಕ ಇಬ್ಬರೂ ಸೇರಿ ಕೇಳಿಕೊಂಡರೆ ಮಿತಿ ಮೀರಿದ ಸಂಬಳಕ್ಕೂ ಕಟ್ಟಬಹುದು. ಯೋಜನೆಯ 26(6)ನೇ ಪ್ಯಾರಾದಲ್ಲಿ ಅದಕ್ಕೆ ಅವಕಾಶ ಇದೆ. ಮಾಲೀಕರು ಒಪ್ಪದಿದ್ದರೆ ನಿಮ್ಮ ಪಾಲನ್ನು ಮಾತ್ರ ಶೇ 12ಕ್ಕಿಂತ ಏರಿಸಿಕೊಳ್ಳಬಹುದು. ಜನ ಅದನ್ನು ವಿಪಿಎಫ್ ಅಂತಾರೆ. ಅದಕ್ಕೂ ಅದೇ ಬಡ್ಡಿ, ಅದೇ 66ರ ಲೆಕ್ಕ. 2021ರ ಏಪ್ರಿಲ್‌ನಿಂದ ಒಂದು ಷರತ್ತು ಸೇರಿದೆ. ವರ್ಷಕ್ಕೆ ನಿಮ್ಮ ಪಾಲು 2.5 ಲಕ್ಷ ದಾಟಿದರೆ, ದಾಟಿದ ಭಾಗದ ಬಡ್ಡಿಗೆ ತೆರಿಗೆ ಬೀಳುತ್ತೆ.

ಚಿಕ್ಕಪ್ಪನ ಮಗಳು ಬೊಮ್ಮನಹಳ್ಳಿಯ ಒಂದು ಆಫೀಸಿನಲ್ಲಿದ್ದಾಳೆ. ಅವತ್ತು ಚಾಪೆ ಮೇಲೆ ಕೂತೇ ಫೋನಿನಲ್ಲಿ ತನ್ನ ಪೇಸ್ಲಿಪ್ ತೆಗೆದಳು. ಬೇಸಿಕ್ 32,000. ಪಿಎಫ್ 1,800.