ಇಬ್ಬರನ್ನೂ ಬೇರೆ ಬೇರೆ ಕೂರಿಸಿ ನೋಡಿ

ಕೊಡಗಿನ ನಾಪೋಕ್ಲು ಕಡೆಯ ದಂಪತಿ. ಗಂಡನಿಗೆ 79, ಹೆಂಡತಿಗೆ 74. ಬೆಂಗಳೂರಿನಿಂದ ಬಂದಿದ್ದ ಮಗ ಕೇಳಿದ್ದು ಒಂದೇ: "ಡಾಕ್ಟ್ರೇ, ಇನ್ನು ಇಲ್ಲಿ ಬಿಡಬಹುದಾ, ಕರ್ಕೊಂಡು ಹೋಗ್ಲಾ?"

ಇಬ್ಬರೂ ಚೆನ್ನಾಗಿಯೇ ಕಂಡರು. ಆದರೆ ಆಕೆಯನ್ನು ಏನು ಕೇಳಿದರೂ ಉತ್ತರ ಗಂಡನಿಂದ ಬರುತ್ತಿತ್ತು. ನಾನು ಇಂಥದ್ದನ್ನು ಜಾಸ್ತಿ ನೋಡಿದ್ದೇನೆ. ಹಾಗಾಗಿ ಅವರನ್ನು ಹೊರಗೆ ಕೂರಿಸಿ, ಆಕೆಯ ಕೈಗೆ ಮಾತ್ರೆ ಡಬ್ಬಿ ಕೊಟ್ಟು, ವಾರದ ಮಾತ್ರೆ ತುಂಬಲು ಹೇಳಿದೆ. ಬಿಪಿ ಮಾತ್ರೆ ಮೂರು ದಿನದ ಖಾನೆಗೆ ಎರಡೆರಡು ಬಿತ್ತು. ಬೆಳಿಗ್ಗೆ ಎದ್ದಾಗ ತಲೆಸುತ್ತು ಬರುತ್ತಿದ್ದುದಕ್ಕೆ ಕಾರಣ ಸಿಕ್ಕಿತು. ಥೈರಾಯ್ಡ್, ಬಿ12 ಪರೀಕ್ಷೆಗೆ ಬರೆದೆ. ಅವು ಕಡಿಮೆಯಾದರೂ ಮರೆವು ಬರುತ್ತದೆ, ಸರಿಪಡಿಸಬಹುದು. ವರದಿಯಲ್ಲಿ ಎರಡೂ ಸರಿಯಾಗಿದ್ದವು.

ಆಮೇಲೆ ಗಂಡನ ಸರದಿ. ಕುರ್ಚಿಯಿಂದ ಎದ್ದು, ಮೂರು ಮೀಟರ್ ನಡೆದು, ತಿರುಗಿ ಬಂದು ಕೂರಬೇಕು. 12 ಸೆಕೆಂಡ್ ಅಥವಾ ಹೆಚ್ಚು ಹಿಡಿದರೆ ಬೀಳುವ ಭಯ ಇದೆ ಎಂದು ಲೆಕ್ಕ. ಅವರಿಗೆ 19 ಹಿಡಿಯಿತು. ತಲೆ ಮಾತ್ರ ಚುರುಕು. ತೋಟದ ಲೆಕ್ಕವೆಲ್ಲ ಬಾಯಲ್ಲೇ ಇತ್ತು.

ಅಂದರೆ ಆಕೆಯ ಕಾಲು, ಅವರ ತಲೆ ಸೇರಿ ಮನೆ ನಡೆಯುತ್ತಿತ್ತು. ಅವರು ಬಿದ್ದು ಆಸ್ಪತ್ರೆ ಸೇರಿದ ದಿನ ಆಕೆಯೂ ನಿಂತುಹೋಗುತ್ತಾರೆ. ಅದೂ ಆಟಿ ತಿಂಗಳ ಮಳೆಯಲ್ಲಿ, ಕರೆಂಟ್ ಇಲ್ಲದೆ, ಮರ ಬಿದ್ದ ರಸ್ತೆಯಲ್ಲಿ ಆದರೆ?

ಮಗ ಅವತ್ತೇ ಹೊರಡಿಸಲು ಸಿದ್ಧನಿದ್ದ. ನಾನು ಬೇಡವೆಂದೆ. ಮರೆವು ಇರುವವರಿಗೆ ಹೊಸ ಜಾಗದಲ್ಲಿ ರಾತ್ರಿ ಗಲಿಬಿಲಿ ಜಾಸ್ತಿ. ಮೊದಲು ಬೇಸಿಗೆಯಲ್ಲಿ ಮೂರು ವಾರ ಬೆಂಗಳೂರಿನಲ್ಲಿ ಇದ್ದು ಬರಲಿ, ಅಲ್ಲಿಯವರೆಗೆ ಮನೆ, ತೋಟದ ಕಾಗದಕ್ಕೆ ಯಾರೂ ಕೈ ಹಾಕುವುದು ಬೇಡ ಎಂದೆ. ಎರಡನೇ ರಾತ್ರಿಯೇ ಆಕೆ ಬಚ್ಚಲು ಹುಡುಕುತ್ತಾ ಫ್ಲ್ಯಾಟಿನ ಮುಂಬಾಗಿಲು ತೆರೆದರಂತೆ. ಸೊಸೆ ಜಾಣೆ. ಮಂಚವನ್ನು ಊರಿನ ಮನೆಯಲ್ಲಿದ್ದ ಹಾಗೇ, ಬಚ್ಚಲು ಎಡಕ್ಕೆ ಬರುವಂತೆ ತಿರುಗಿಸಿದಳು. ದಾರಿಯಲ್ಲಿ ಸಣ್ಣ ದೀಪ ಹಾಕಿದಳು. ಹಳೇ ಕಂಬಳಿ ತರಿಸಿದಳು. ಎರಡನೇ ವಾರ ಮುಗಿಯುವಷ್ಟರಲ್ಲಿ ಆಕೆ ತಾನೇ ಹೋಗಿ ಬರುತ್ತಿದ್ದರು. ಇದು ಎಲ್ಲರಿಗೂ ಹೀಗೆ ಆಗುವುದಿಲ್ಲ. ಮೂರು ವಾರವಾದರೂ ಗಲಿಬಿಲಿ ಕಡಿಮೆಯಾಗದಿದ್ದರೆ ನಾನು ಊರಿನ ಮನೆಗೇ ಹಗಲು ರಾತ್ರಿ ಜನ ಇಡಲು ಹೇಳುತ್ತಿದ್ದೆ.

ಕೊನೆಗೆ ಹೀಗೆ ಆಯಿತು: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಗನ ಮನೆ, ಉಳಿದ ತಿಂಗಳು ಊರು. ಊರಿನಲ್ಲಿ ರಾತ್ರಿ ಮಲಗಲು ತೋಟದ ಕೆಲಸದವರ ಲೈನ್ ಮನೆಯ ಒಬ್ಬ ಹೆಂಗಸು ಬರುತ್ತಾರೆ. ಮಾತ್ರೆ ಡಬ್ಬಿ ಗಂಡನ ಕೈಯಲ್ಲಿ. ವರ್ಷಕ್ಕೊಮ್ಮೆ ಇಬ್ಬರನ್ನೂ ಮತ್ತೆ ಬೇರೆ ಬೇರೆ ನೋಡುತ್ತೇನೆ.

ಗಂಡನದ್ದು ಒಂದೇ ತಕರಾರು. "ಮೆಣಸಿನ ಬಳ್ಳಿಗೆ ಬೋರ್ಡೋ ಔಷಧಿ ಹೊಡೆಸಿ ಮುಗಿಸದೆ ನಾನು ಗಾಡಿ ಹತ್ತಲ್ಲ ಡಾಕ್ಟ್ರೇ."