ಅಕ್ಷರ ದೊಡ್ಡದಾದಾಗ ಒತ್ತಕ್ಷರ ಎಲ್ಲಿ ಹೋಗುತ್ತದೆ?

ಕಾಸರಗೋಡಿನ ಬದಿಯಡ್ಕ, ಪೆರ್ಲದ ಕಡೆಯ ಅಡಿಕೆ ಕೃಷಿಕರಲ್ಲಿ ಅರುವತ್ತು ದಾಟಿದ ಹಲವರ ಫೋನಿನಲ್ಲಿ ಅಕ್ಷರದ ಗಾತ್ರ ಗರಿಷ್ಠಕ್ಕೆ ಏರಿರುತ್ತದೆ. ಮನೆಯ ಮಕ್ಕಳೇ ಯಾರೋ ಸೆಟ್ಟಿಂಗ್ಸ್‌ಗೆ ಹೋಗಿ ಅದನ್ನು ಹೆಚ್ಚಿಸಿಕೊಟ್ಟಿರುತ್ತಾರೆ. ಆಮೇಲೆ ಸಂದೇಶಗಳನ್ನು ಓದುವುದು ಸಲೀಸು. ಆದರೆ ಅಡಿಕೆ ಮಾರಿದ ಲೆಕ್ಕ ತೋರಿಸುವ ಆ್ಯಪ್ ತೆರೆದರೆ ಸಾಲುಗಳು ಒಂದರ ಮೇಲೊಂದು ಹತ್ತಿಕೊಂಡು, ಅಡಿಕೆಯ ವರ್ಗದ ಹೆಸರು ‘ಉಳ್ಳಿಗಡ್ಡೆ’ ಎಂದಿರಬೇಕಾದಲ್ಲಿ ‘ಉಳಿಗಡೆ’ ಕಾಣುತ್ತದೆ. "ಇದರಲ್ಲಿ ಒಂದೂ ಪೂರ್ತಿ ಕಾಣುವುದಿಲ್ಲ ಮಾರಾಯ" ಎಂದು ನೆರೆಮನೆಯ ಹಿರಿಯರು ಫೋನನ್ನು ನನ್ನ ಕೈಗಿತ್ತಾಗ ನಾನು ಕಂಡದ್ದೂ ಇದನ್ನೇ. ತಪ್ಪು ಅವರ ಕಣ್ಣಿನದ್ದಲ್ಲ, ಫೋನಿನದ್ದೂ ಅಲ್ಲ. ಆ ಪರದೆಯನ್ನು ಕಟ್ಟಿದ ರೀತಿಯಲ್ಲಿ ಅದು ಇದೆ.

ಆಂಡ್ರಾಯ್ಡ್ ಫೋನಿನಲ್ಲಿ ಅಳತೆಗೆ ಎರಡು ಮಾನಗಳಿವೆ. ಪೆಟ್ಟಿಗೆ, ಗುಂಡಿ, ಅಂಚಿನ ಜಾಗ ಇವುಗಳನ್ನು `dp`ಯಲ್ಲಿ ಅಳೆಯುತ್ತಾರೆ. ಇಂಚಿಗೆ 160 ಚುಕ್ಕೆಗಳಿರುವ ಪರದೆಯಲ್ಲಿ ಒಂದು `dp` ಎಂದರೆ ಒಂದು ಚುಕ್ಕೆ. ಪರದೆ ಹೆಚ್ಚು ದಟ್ಟವಾದಷ್ಟೂ ಒಂದು `dp`ಗೆ ಹೆಚ್ಚು ಚುಕ್ಕೆಗಳು ಸಲ್ಲುತ್ತವೆ. ಅಕ್ಷರಗಳನ್ನು ಅಳೆಯುವುದು `sp`ಯಲ್ಲಿ. ಮಾಮೂಲು ಸ್ಥಿತಿಯಲ್ಲಿ ಎರಡೂ ಒಂದೇ. ಬಳಕೆದಾರರು ಅಕ್ಷರದ ಗಾತ್ರ ಹೆಚ್ಚಿಸಿದಾಗ ಮಾತ್ರ `sp` ಬೆಳೆಯುತ್ತದೆ, `dp` ಇದ್ದಲ್ಲೇ ಇರುತ್ತದೆ. ಅಂದರೆ ಬರಹ ಬೆಳೆಯಿತು, ಅದನ್ನು ಹಿಡಿದ ಪೆಟ್ಟಿಗೆ ಬೆಳೆಯಲಿಲ್ಲ.

ಆ ಲೆಕ್ಕದ ಪರದೆಯ ಒಂದು ಸಾಲನ್ನೇ ನೋಡೋಣ. ಸಾಲಿನ ಎತ್ತರ 56 `dp` ಎಂದು ಬಿಗಿಯಾಗಿ ಬರೆದಿದೆ. ಮೇಲೆ ಕೆಳಗೆ ಆರಾರು `dp` ಖಾಲಿ ಜಾಗ. ಒಳಗೆ ಎರಡು ಗೆರೆ ಬರಹ: ಮೊದಲು 16 `sp`ಯಲ್ಲಿ ‘ಒಟ್ಟು ತೂಕ’, ಅದರ ಕೆಳಗೆ 14 `sp`ಯಲ್ಲಿ ಅಡಿಕೆಯ ವರ್ಗ. ಕನ್ನಡದ ಒಂದು ಗೆರೆಗೆ ಅಕ್ಷರದ ಗಾತ್ರದ 1.4 ಪಟ್ಟು ಎತ್ತರ ಬೇಕು ಎಂದಿಟ್ಟುಕೊಂಡರೆ, ಮೊದಲ ಗೆರೆಗೆ ಸುಮಾರು 22, ಎರಡನೆಯದಕ್ಕೆ 20. ಖಾಲಿ ಜಾಗ ಸೇರಿಸಿ 54. ಪೆಟ್ಟಿಗೆಯಲ್ಲಿ ಹಿಡಿಯಿತು. ಆ್ಯಪ್ ಮಾಡಿದವರು ತಮ್ಮ ಫೋನಿನಲ್ಲಿ ನೋಡಿದ್ದು ಇದನ್ನು.

ಈಗ ಅಕ್ಷರವನ್ನು 1.3 ಪಟ್ಟು ಮಾಡಿ. ಮೊದಲ ಗೆರೆಗೆ 29 ಬೇಕು, ಎರಡನೆಯದಕ್ಕೆ 25. ಪೆಟ್ಟಿಗೆಯ ಒಳಗೆ ಬರಹಕ್ಕೆ ಇರುವುದು ಒಟ್ಟು 44. ಮೊದಲ ಗೆರೆ ತನ್ನ 29 ತೆಗೆದುಕೊಂಡ ಮೇಲೆ ಎರಡನೆಯದಕ್ಕೆ ಉಳಿದದ್ದು 15. ಆ ಗೆರೆಯ ಕೆಳಗಿನ 10 `dp` ಕತ್ತರಿಸಿ ಹೋಗುತ್ತದೆ. ಕನ್ನಡದಲ್ಲಿ ಆ ಭಾಗದಲ್ಲಿ ಇರುವುದೇ ಒತ್ತಕ್ಷರ. ಇನ್ನೂ ದೊಡ್ಡ ಗಾತ್ರದ ಆಯ್ಕೆ ಇರುವ ಫೋನಿನಲ್ಲಿ ಎರಡನೆಯ ಗೆರೆಯ ಬಹುಪಾಲು ಕಾಣದೇ ಹೋಗುತ್ತದೆ. 2023ರಲ್ಲಿ ಬಂದ ಆಂಡ್ರಾಯ್ಡ್ 14ರಲ್ಲಿ ಅಕ್ಷರವನ್ನು 200 ಶೇಕಡಾವರೆಗೆ ಹಿಗ್ಗಿಸಬಹುದು. ಅಲ್ಲಿ ಚಿಕ್ಕ ಅಕ್ಷರ ಪೂರ್ತಿ ಎರಡು ಪಟ್ಟಾಗುತ್ತದೆ, ಮೊದಲೇ ದೊಡ್ಡದಿರುವ ಶೀರ್ಷಿಕೆ ಅಷ್ಟು ಬೆಳೆಯುವುದಿಲ್ಲ.

ಇಂಗ್ಲಿಷ್ ಬರಹದ ಕೆಳಗಿನ ತುಸು ಭಾಗ ಹೋದರೂ ಓದಿಕೊಳ್ಳಬಹುದು. ಕನ್ನಡದಲ್ಲಿ ಹಾಗಲ್ಲ. ಒತ್ತು ಹೋದರೆ ‘ಮೊತ್ತ’ ಎನ್ನುವುದು ‘ಮೊತ’ ಆಗುತ್ತದೆ, ಓದುವವರು ಊಹಿಸಬೇಕಾಗುತ್ತದೆ. ‘ಪಟೋರ’ ಎಂಬ ವರ್ಗದ ಹೆಸರಿಗೆ ಒತ್ತೇ ಇಲ್ಲ, ಹಾಗಾಗಿ ಪರೀಕ್ಷೆಗೆ ಆ ಪದವೊಂದನ್ನೇ ಹಾಕಿ ನೋಡಿದವರಿಗೆ ತೊಂದರೆ ಕಣ್ಣಿಗೆ ಬೀಳುವುದಿಲ್ಲ. ಪರೀಕ್ಷೆಗೆ ‘ಉಳ್ಳಿಗಡ್ಡೆ’ ಬೇಕು; ಇನ್ನೂ ಕಠಿಣ ಪರೀಕ್ಷೆಗೆ ‘ರಾಷ್ಟ್ರ’, ‘ಸ್ತ್ರೀ’ಯಂಥ ಎರಡು ಒತ್ತಿನ ಪದಗಳು ಬೇಕು.

ಇದರಲ್ಲಿ ಆಂಡ್ರಾಯ್ಡ್‌ನ ಪಾಲೂ ಇತ್ತು. ಇಂಗ್ಲಿಷ್ ಗೆರೆಯ ಎತ್ತರದಲ್ಲೇ ಹಿಡಿಯಲಿ ಎಂದು ಕನ್ನಡ, ಮಲಯಾಳ, ತಮಿಳು, ತೆಲುಗಿನಂಥ ಲಿಪಿಗಳಿಗೆ ಅದು ಕುಗ್ಗಿಸಿದ ಅಚ್ಚಿನ ಅಕ್ಷರಗಳನ್ನು ಬಳಸುತ್ತಿತ್ತು. ಆಂಡ್ರಾಯ್ಡ್ 15ಕ್ಕೆಂದೇ ಸಿದ್ಧಪಡಿಸಿದ ಆ್ಯಪ್‌ಗಳಲ್ಲಿ `elegantTextHeight` ಎಂಬ ಗುಣ ತಾನಾಗಿಯೇ ಚಾಲೂ ಇರುತ್ತದೆ; ಈ ಲಿಪಿಗಳಿಗೆ ಅವುಗಳ ಸಹಜ ಎತ್ತರ ಸಿಗುತ್ತದೆ. ಓದಲು ಇದು ಬಹಳ ಒಳ್ಳೆಯದು. ಆದರೆ ಬಿಗಿ ಪೆಟ್ಟಿಗೆಯ ಹಳೇ ಪರದೆಯನ್ನು ಹಾಗೇ ಇಟ್ಟು ಆ್ಯಪನ್ನು ಹೊಸ ಆವೃತ್ತಿಗೆ ಏರಿಸಿದರೆ, ಮೊದಲು ಹಿಡಿಯುತ್ತಿದ್ದ ಬರಹವೂ ಈಗ ಕತ್ತರಿಸಬಹುದು. ಅದಕ್ಕೆ ಹೆದರಿ ಆ ಗುಣವನ್ನು ಆರಿಸಿಬಿಡುವುದು ಕನ್ನಡ ಓದುಗರಿಗೆ ಮಾಡುವ ಅನ್ಯಾಯ. ಬದಲಾಗಬೇಕಾದದ್ದು ಪೆಟ್ಟಿಗೆ.

ಬದಲಾವಣೆಯೂ ಚಿಕ್ಕದೇ. ಬಿಗಿ ಎತ್ತರ ತೆಗೆದು ಕನಿಷ್ಠ ಎತ್ತರ ಕೊಡುವುದು:

```
android:layout_height="wrap_content"
android:minHeight="56dp"
```

ಮಾಮೂಲು ಗಾತ್ರದಲ್ಲಿ ಸಾಲು ಮೊದಲಿನಂತೆಯೇ ಕಾಣುತ್ತದೆ. ಅಕ್ಷರ ಬೆಳೆದಾಗ ಸಾಲೂ ಬೆಳೆದು 66 `dp`ಯಷ್ಟಾಗುತ್ತದೆ. ಇಷ್ಟಾದ ಮೇಲೂ ಒತ್ತು ತುಂಡಾದರೆ `includeFontPadding` ಎಂಬುದಕ್ಕೆ `false` ಕೊಟ್ಟಿದ್ದಾರೋ ನೋಡಬೇಕು. ಇಂಗ್ಲಿಷ್ ಅಕ್ಷರವನ್ನು ಗುಂಡಿಯ ನಟ್ಟನಡುವೆ ಕೂರಿಸಲು ಹಲವರು ಹಾಗೆ ಮಾಡುತ್ತಾರೆ. ಮೇಲೆ ಕೆಳಗೆ ಚಾಚುವ ಲಿಪಿಗಳಿಗೆ ಬೇಕಾದ ಜಾಗ ಅದರಿಂದ ಹೋಗುತ್ತದೆ.

ಅಗಲದ ತೊಂದರೆ ಬೇರೆ. 720 ಚುಕ್ಕೆ ಅಗಲದ, 320 ದಟ್ಟಣೆಯ ಫೋನಿನ ಪರದೆ 360 `dp` ಅಗಲ. ಅಕ್ಷರದ ಗಾತ್ರದ ಜೊತೆಗೆ ಪರದೆಯ ಗಾತ್ರ ಎಂಬ ಇನ್ನೊಂದು ಆಯ್ಕೆಯನ್ನೂ ಹೆಚ್ಚಿಸಿದರೆ ಫೋನು ತನ್ನ ದಟ್ಟಣೆಯನ್ನು ಹೆಚ್ಚು ಎಂದು ಲೆಕ್ಕ ಹಾಕುತ್ತದೆ. ಅದು 360 ಆದರೆ ಅದೇ ಪರದೆ 320 `dp`ಗೆ ಇಳಿಯುತ್ತದೆ. ಈಗ ವರ್ಗದ ಹೆಸರನ್ನು ಎಡ ಅಂಚಿಗೆ, ಮೊತ್ತವನ್ನು ಬಲ ಅಂಚಿಗೆ ಕಟ್ಟಿ, ಅವೆರಡರ ನಡುವೆ ಯಾವ ಸಂಬಂಧವನ್ನೂ ಹೇಳದೆ ಬಿಟ್ಟಿದ್ದರೆ ಎರಡೂ ನಡುವೆ ಬಂದು ಒಂದರ ಮೇಲೊಂದು ಬೀಳುತ್ತವೆ. ಮೊತ್ತಕ್ಕೆ ಅದು ಕೇಳಿದಷ್ಟು ಅಗಲ, ಉಳಿದದ್ದು ಹೆಸರಿಗೆ, ಸಾಲದಿದ್ದರೆ ಹೆಸರು ಎರಡನೇ ಗೆರೆಗೆ ಇಳಿಯಲಿ ಎಂದು ಬರೆಯಬೇಕು. ಹೆಸರಿನ ಕೊನೆಗೆ ಮೂರು ಚುಕ್ಕೆ ಬಂದರೂ ಅಷ್ಟು ಹಾನಿಯಿಲ್ಲ. ಮೊತ್ತಕ್ಕೆ ಮಾತ್ರ ಅದು ಎಂದೂ ಬರಬಾರದು. 1,24,500 ರೂಪಾಯಿಯ ಕೊನೆಯ ಸೊನ್ನೆಗಳು ಕಾಣದೆ 1,24,5 ಎಂದು ನಿಂತರೆ, ವರ್ಷದ ಬೆಳೆ ಮಾರಿದವರು ಅದನ್ನು ಏನೆಂದು ಓದಬೇಕು?

ಇದನ್ನೆಲ್ಲ ಪರೀಕ್ಷಿಸಲು ಹೊಸ ಫೋನು ಬೇಡ. ಇರುವ 720 ಚುಕ್ಕೆಯ ಫೋನನ್ನು ಕಂಪ್ಯೂಟರಿಗೆ ಜೋಡಿಸಿ ಹೀಗೆ ಕೊಟ್ಟರೆ ಸಾಕು:

```
adb shell settings put system font_scale 1.3
adb shell wm density 360
```

ಆಮೇಲೆ ಪ್ರತಿ ಪರದೆಯನ್ನೂ ಕನ್ನಡದಲ್ಲಿ ತೆರೆದು ನೋಡಬೇಕು. ಕಾಸರಗೋಡಿನಲ್ಲಿ ಅದೇ ಆ್ಯಪನ್ನು ಮಲಯಾಳದಲ್ಲೂ ಬಳಸುವುದರಿಂದ ಅದರಲ್ಲೂ ಒಮ್ಮೆ. ಹೊಸ ಫೋನುಗಳಿಗಾಗಿ 1.3ರ ಜಾಗದಲ್ಲಿ 2.0 ಕೊಟ್ಟು ಇನ್ನೊಂದು ಸುತ್ತು. ಜಾಲತಾಣಗಳ ಸುಲಭಬಳಕೆಗಾಗಿ ಇರುವ ಡಬ್ಲ್ಯೂಸಿಎಜಿ ನಿಯಮಗಳು ಹೇಳುವುದೂ ಇದನ್ನೇ: ಬರಹ 200 ಶೇಕಡಾ ಆದರೂ ಮಾಹಿತಿ, ಕೆಲಸ ಎರಡೂ ತಪ್ಪಬಾರದು. ಮುಗಿದ ಮೇಲೆ `font_scale` ಅನ್ನು 1.0 ಮಾಡಿ, `adb shell wm density reset` ಕೊಟ್ಟರೆ ಫೋನು ಮೊದಲಿನಂತಾಗುತ್ತದೆ.

ಈ ಉಪಾಯಗಳಿಗೆ ಬಗ್ಗದ ಜಾಗವೆಂದರೆ ಪರದೆಯ ತಳದ ಪಟ್ಟಿ. ಐದು ಚಿತ್ರ, ಐದು ಹೆಸರು. 320 `dp`ಯಲ್ಲಿ ತಲಾ 64. ‘ಮಾರುಕಟ್ಟೆ’ ಎಂಬ ಪದ ದೊಡ್ಡ ಅಕ್ಷರದಲ್ಲಿ ಅಷ್ಟರೊಳಗೆ ಹಿಡಿಯದು, ಎರಡು ಗೆರೆಗೆ ಒಡೆದರೆ ಪದವೇ ತುಂಡಾಗುತ್ತದೆ. ಅಲ್ಲಿ ಅಳತೆ ತಿದ್ದುತ್ತಾ ಕೂರುವುದಕ್ಕಿಂತ ಮೂರು ಹೆಸರನ್ನಷ್ಟೇ ಪಟ್ಟಿಯಲ್ಲಿ ಉಳಿಸಿ, ಉಳಿದೆರಡನ್ನು ಮೊದಲ ಪುಟದಲ್ಲಿ ಅಗಲವಾದ ಸಾಲುಗಳಾಗಿ ಇಡುವುದೇ ಸರಿ.