ಇಂಟರ್‌ವ್ಯೂ ಆದ ಮೇಲಿನ ಮೇಲ್‌ನಲ್ಲಿ ಒಂದೇ ವಿಷಯ ಇರಲಿ

ಬೆಳಗಾವಿಯ ಉದ್ಯಮಬಾಗ್, ಮಚ್ಛೆ ಕಡೆಯ ಕಾರ್ಖಾನೆಗಳಿಗೆ ಎಂಜಿನಿಯರುಗಳನ್ನು ಹುಡುಕಿಕೊಡುವುದು ನನ್ನ ಕೆಲಸ. ಇಂಟರ್‌ವ್ಯೂ ಮುಗಿಸಿ ಬಂದವರಿಗೆ ಒಂದು ಧನ್ಯವಾದದ ಮೇಲ್ ಕಳಿಸಿ ಅಂತ ತಪ್ಪದೆ ಹೇಳುತ್ತೇನೆ. ಕಳಿಸುತ್ತಾರೆ ಕೂಡ. ಆದರೆ ಓದಿದರೆ ತಲೆ ಬಿಸಿಯಾಗುತ್ತದೆ. "ತಮ್ಮ ಪ್ರತಿಷ್ಠಿತ ಸಂಸ್ಥೆಯಲ್ಲಿ ಅವಕಾಶ ನೀಡಿದ್ದಕ್ಕೆ ಧನ್ಯವಾದಗಳು, ನಾನು ಕಷ್ಟಪಟ್ಟು ದುಡಿಯುವವನು, ಎಲ್ಲರ ಜೊತೆ ಹೊಂದಿಕೊಂಡು ಹೋಗುತ್ತೇನೆ." ಇದನ್ನೇ ಫೌಂಡ್ರಿಗೂ ಕಳಿಸಬಹುದು, ಸಕ್ಕರೆ ಕಾರ್ಖಾನೆಗೂ ಕಳಿಸಬಹುದು. ಯಾರ ಎದುರು ಕೂತು ಏನು ಮಾತಾಡಿ ಬಂದಿರಿ ಅನ್ನೋದರ ಗುರುತೇ ಅದರಲ್ಲಿ ಇರುವುದಿಲ್ಲ.

ಸ್ವಲ್ಪ ಜಾಣರು ಇನ್ನೊಂದು ತಪ್ಪು ಮಾಡುತ್ತಾರೆ. ರೆಸ್ಯೂಮೆಯನ್ನೇ ಮತ್ತೆ ಬರೆಯುತ್ತಾರೆ. ಕಲಿತ ಸಾಫ್ಟ್‌ವೇರ್, ಮಾಡಿದ ಕೋರ್ಸ್, ಸಿಕ್ಕ ಬಹುಮಾನ, ಎಲ್ಲ ಬರುತ್ತದೆ. ರೆಸ್ಯೂಮೆ ಅವರ ಟೇಬಲ್ ಮೇಲೆ ಆಗಲೇ ಇದೆ ಅಲ್ವಾ?

ನಾನು ಹೇಳುವುದು ಒಂದೇ. ಮಾತುಕತೆಯಲ್ಲಿ ನಿಮ್ಮ ಪರವಾಗಿ ನಿಂತ ಒಂದು ವಿಷಯ ಇರುತ್ತದೆ, ಅದನ್ನಷ್ಟೇ ಬರೆಯಿರಿ. ಎಲ್ಲರೂ ಎಡವುವುದು ಇಲ್ಲೇ. ಯಾವುದು ಗಟ್ಟಿ ವಿಷಯ ಅಂತ ಕೇಳಿದರೆ ತಮಗೆ ಹೆಮ್ಮೆ ಇರುವುದನ್ನು ಹೇಳುತ್ತಾರೆ. ನಿಮಗೆ ಯಾವುದರ ಬಗ್ಗೆ ಹೆಮ್ಮೆ ಅನ್ನೋದು ಬೇರೆ, ಅವರು ಯಾವುದನ್ನು ಹಿಡಿದುಕೊಂಡರು ಅನ್ನೋದು ಬೇರೆ. ನಿಮ್ಮ ಉತ್ತರದ ಬಾಲ ಹಿಡಿದು ಅವರು ಮತ್ತೊಂದು ಪ್ರಶ್ನೆ ಕೇಳಿದರೆ, ಅದೇ ಗಟ್ಟಿ ವಿಷಯ. ಅಥವಾ "ನಮ್ಮಲ್ಲೂ ಇದೇ ತೊಂದರೆ ಇದೆ" ಅಂದರೆ. ಅಥವಾ ಪಕ್ಕದಲ್ಲಿ ಸುಮ್ನೆ ಕೂತಿದ್ದವರು ಪೆನ್ನು ತೆಗೆದು ಬರೆದುಕೊಂಡರೆ. ನೀವು ಹತ್ತು ನಿಮಿಷ ವಿವರಿಸಿದಾಗ ತಲೆಯಾಡಿಸಿ ಮುಂದಿನ ಪ್ರಶ್ನೆಗೆ ಹೋದರೆ ಅದು ಅವರಿಗೆ ಬೇಕಾದದ್ದಲ್ಲ, ನೀವು ಎಷ್ಟೇ ಚೆನ್ನಾಗಿ ಹೇಳಿದ್ದರೂ. ಅದಕ್ಕೇ ಹೇಳುತ್ತೇನೆ, ಗೇಟಿನಿಂದ ಹೊರಗೆ ಬಂದ ಕೂಡಲೇ ಚಹಾದ ಅಂಗಡಿಯಲ್ಲಿ ಕೂತು ಅವರು ಕೇಳಿದ ಪ್ರಶ್ನೆಗಳನ್ನು ಬರೆದುಕೊಳ್ಳಿ. ನಿಮ್ಮ ಉತ್ತರ ಬೇಡ, ಅವರ ಪ್ರಶ್ನೆ ಸಾಕು. ಮನೆಗೆ ಹೋಗುವಷ್ಟರಲ್ಲಿ ಅರ್ಧ ಮರೆತಿರುತ್ತದೆ.

ಗೋಕಾಕ ಕಡೆಯ ಒಬ್ಬ ಹುಡುಗನ ವಿಷಯ ಹೇಳುತ್ತೇನೆ. ಒಂದು ಫೌಂಡ್ರಿಯಲ್ಲಿ ಕ್ವಾಲಿಟಿ ಎಂಜಿನಿಯರ್ ಹುದ್ದೆ. ಹೇಗಾಯ್ತಪ್ಪ ಅಂದರೆ, "ಎಲ್ಲಾ ಛಲೋ ಆತ್ರಿ ಮೇಡಮ್" ಅಂದ. ಇದರಿಂದ ನನಗೆ ಏನೂ ಗೊತ್ತಾಗುವುದಿಲ್ಲ. ಏನೇನು ಕೇಳಿದರು ಅಂತ ಒಂದೊಂದೇ ಬಿಡಿಸಿದೆ. ಬ್ಲೋ ಹೋಲ್ ಬಗ್ಗೆ ಕೇಳಿದ್ದರು, ಅಂದರೆ ಎರಕದೊಳಗೆ ಗಾಳಿ ಸಿಕ್ಕಿಕೊಂಡು ಆಗುವ ತೂತು. ಇವನ ಹಳೆಯ ಕಾರ್ಖಾನೆಯಲ್ಲಿ ಆ ಕಾರಣಕ್ಕೆ ಪೀಸುಗಳು ಜಾಸ್ತಿ ರಿಜೆಕ್ಟ್ ಆಗುತ್ತಿದ್ದವು. ಎಲ್ಲರೂ ಕಬ್ಬಿಣದ ಮೇಲೆ ಅನುಮಾನ ಪಡುತ್ತಿದ್ದಾಗ ಇವನು ರಿಜೆಕ್ಟ್ ಆದ ಪೀಸುಗಳನ್ನು ಹೀಟ್ ನಂಬರ್, ಅಂದರೆ ಪ್ರತಿ ಸಲ ಕರಗಿಸಿದ ಕಬ್ಬಿಣಕ್ಕೆ ಕೊಡುವ ನಂಬರ್ ನೋಡಿ ಗಂಟೆಗಳ ಲೆಕ್ಕದಲ್ಲಿ ಬೇರೆ ಮಾಡಿದ್ದ. ಮಧ್ಯಾಹ್ನದ ಮೇಲಿನವೇ ಹೆಚ್ಚು ಬಂದವು. ಎರಕದ ಅಚ್ಚಿಗೆ ಬಳಸಿದ ಮರಳು ತಣ್ಣಗಾಗದೆ ಬಿಸಿಬಿಸಿಯಾಗೇ ವಾಪಸ್ ಬರುತ್ತಿತ್ತು, ಬಿಸಿಗೆ ಅದರ ತೇವ ಆರುತ್ತಿತ್ತು, ಮರಳು ಕಲಸುವ ಆಪರೇಟರ್ ಕೈಯಲ್ಲಿ ಹಿಡಿದು ನೋಡಿ ಒಣಗಿದೆ ಅನ್ನಿಸಿದಾಗಲೆಲ್ಲ ನೀರು ಹಾಕುತ್ತಿದ್ದ. ಒಮ್ಮೊಮ್ಮೆ ನೀರು ಹೆಚ್ಚಾಗಿ, ಕಾದ ಕಬ್ಬಿಣ ಬಿದ್ದಾಗ ಅದೇ ಆವಿಯಾಗಿ ತೂತು ಬೀಳುತ್ತಿತ್ತು. ಲ್ಯಾಬಿನಲ್ಲಿ ಮರಳು ಪರೀಕ್ಷೆ ಆಗುತ್ತಿದ್ದುದು ಬೆಳಿಗ್ಗೆ ಮಾತ್ರ, ಆಗ ಎಲ್ಲ ಸರಿಯಾಗೇ ಇರುತ್ತಿತ್ತು.

ಇಷ್ಟು ಕೇಳಿ ಪ್ಲಾಂಟ್ ಹೆಡ್, "ಮಧ್ಯಾಹ್ನದ್ದ ಅಂತ ಹೆಂಗ್ ಗೊತ್ತಾತು ನಿನಗ?" ಅಂತ ಕೇಳಿದ್ದರು. ಆಮೇಲೆ ಮರಳನ್ನು ಎಷ್ಟು ಹೊತ್ತಿಗೊಮ್ಮೆ ಟೆಸ್ಟ್ ಮಾಡಿಸಿದೆ ಅಂತ ಕೇಳಿದ್ದರು. ಇವನು ಅರ್ಧ ಉತ್ತರ ಕೊಡುವಷ್ಟರಲ್ಲಿ ಅವರಿಗೆ ಫೋನ್ ಬಂದು ವಿಷಯ ಬದಲಾಗಿತ್ತು. ಒಂದರ ಹಿಂದೆ ಒಂದು ಎರಡು ಪ್ರಶ್ನೆ. ಇನ್ನೇನು ಬೇಕು? ಆದರೆ ಇವನು ಬರೆದು ತಂದ ಮೇಲ್‌ನಲ್ಲಿ ಬ್ಲೋ ಹೋಲ್ ಸುದ್ದಿಯೇ ಇರಲಿಲ್ಲ. ಸಿಕ್ಸ್ ಸಿಗ್ಮಾ ಸರ್ಟಿಫಿಕೇಟ್ ಬಗ್ಗೆ ಒಂದು ಪ್ಯಾರಾ ಇತ್ತು. ಅದರ ಬಗ್ಗೆ ಅವರು ಏನಾದರೂ ಕೇಳಿದರಾ ಅಂದರೆ, ಇಲ್ಲ.

ಕೊನೆಗೆ ಕಳಿಸಿದ ಮೇಲ್ ಇಂಗ್ಲಿಷಿನಲ್ಲಿತ್ತು. ಕನ್ನಡದಲ್ಲಿ ಹೇಳಿದರೆ ಹೀಗೆ:

"ಸರ್, ನಿನ್ನೆ ಕ್ವಾಲಿಟಿ ಎಂಜಿನಿಯರ್ ಹುದ್ದೆಗೆ ನನ್ನ ಜೊತೆ ಮಾತಾಡಲು ಸಮಯ ಕೊಟ್ಟಿದ್ದಕ್ಕೆ ಧನ್ಯವಾದ. ಮರಳನ್ನು ಎಷ್ಟು ಹೊತ್ತಿಗೊಮ್ಮೆ ಪರೀಕ್ಷೆ ಮಾಡಿಸಿದೆ ಅಂತ ಕೇಳಿದ್ದಿರಿ, ಪೂರ್ತಿ ಹೇಳಲು ಆಗಲಿಲ್ಲ. ಮೊದಲು ದಿನಕ್ಕೊಮ್ಮೆ ಇತ್ತು. ಗಂಟೆಗೊಮ್ಮೆ ತೇವ ನೋಡಿ ಕಲಸುವ ಯಂತ್ರದ ಪಕ್ಕದ ಬೋರ್ಡಿನಲ್ಲಿ ಬರೆಯಲು ಶುರು ಮಾಡಿದೆವು. ಬೋರ್ಡ್ ನೋಡದೆ ನೀರು ಹಾಕುವುದು ನಿಂತಿತು, ಮಧ್ಯಾಹ್ನದ ಬ್ಲೋ ಹೋಲ್ ರಿಜೆಕ್ಷನ್ ಸ್ಪಷ್ಟವಾಗಿ ಇಳಿಯಿತು. ಬೋರ್ಡ್ ಐಡಿಯಾ ನನ್ನದು, ಪರೀಕ್ಷೆ ಮಾಡಿದವರು ಲ್ಯಾಬಿನವರು. ನಿಮ್ಮಲ್ಲಿ ಈ ಕೆಲಸ ಮಾಡಲು ನನಗೆ ಆಸಕ್ತಿ ಇದೆ."

ಅಷ್ಟೇ. ಅವರ ಪ್ರಶ್ನೆಯನ್ನು ಅವರಿಗೇ ನೆನಪಿಸಿ, ಅರ್ಧಕ್ಕೆ ನಿಂತದ್ದನ್ನು ಪೂರ್ತಿ ಮಾಡಿದ್ದಾನೆ. ಹೊಸ ವಿಷಯ ಒಂದೂ ಇಲ್ಲ. "ಪರೀಕ್ಷೆ ಮಾಡಿದವರು ಲ್ಯಾಬಿನವರು" ಅನ್ನೋ ಸಾಲನ್ನು ಅವನು ತೆಗೆಯಬೇಕು ಅಂದ, ನಾನು ಬಿಡಲಿಲ್ಲ. ಒಳಗೆ ಕೂತಾಗ "ನಾವು ಮಾಡಿದೆವು" ಅಂದು ಮೇಲ್‌ನಲ್ಲಿ "ನಾನು ಮಾಡಿದೆ" ಅಂದರೆ ಅನುಭವಿಗಳು ಕೂಡಲೇ ಗಮನಿಸುತ್ತಾರೆ. ಮೊದಲ ಕರಡಿನಲ್ಲಿ ಹಳೆಯ ಕಾರ್ಖಾನೆಯ ರಿಜೆಕ್ಷನ್ ಅಂಕಿ, ಗಿರಾಕಿಯ ಹೆಸರು ಕೂಡ ಇದ್ದವು, ಅವನ್ನೂ ತೆಗೆಸಿದೆ. ಬಾಯಲ್ಲಿ ಹೇಳಿದ್ದಕ್ಕಿಂತ ಬರೆದು ಕೊಟ್ಟದ್ದು ದೂರ ಹೋಗುತ್ತದೆ. ಅವರ ಗುಟ್ಟನ್ನು ಇಲ್ಲಿ ಬಿಡುವವನು ನಾಳೆ ಇಲ್ಲಿನದ್ದನ್ನು ಇನ್ನೊಂದು ಕಡೆ ಬಿಡುತ್ತಾನೆ ಅಂತಲೇ ಓದುವವರು ಯೋಚಿಸುತ್ತಾರೆ.

ಕಳಿಸುವುದು ಅದೇ ದಿನ ಸಂಜೆ, ತಪ್ಪಿದರೆ ಮರುದಿನ ಬೆಳಿಗ್ಗೆ. ಸಬ್ಜೆಕ್ಟ್ ಸಾಲಿನಲ್ಲಿ ಹುದ್ದೆಯ ಹೆಸರು, ಇಂಟರ್‌ವ್ಯೂ ತಾರೀಕು ಹಾಕಿ. ಪ್ಲಾಂಟ್ ಹೆಡ್ ಮೇಲ್ ವಿಳಾಸ ಇಲ್ಲದಿದ್ದರೆ ಎಚ್‌ಆರ್‌ಗೆ ಕಳಿಸಿ, ದಯವಿಟ್ಟು ಅವರಿಗೆ ತಲುಪಿಸಿ ಅಂತ ಕೇಳಿ. ಅವರ ನಂಬರ್ ಹುಡುಕಿ ರಾತ್ರಿ ವಾಟ್ಸಾಪ್ ಮಾಡಬೇಡಿ. ಸಂಬಳದ ಮಾತು, ರಿಸಲ್ಟ್ ಯಾವಾಗ ಅನ್ನೋ ಮಾತು ಇದರಲ್ಲಿ ಬೇಡ.

ಈ ಮೇಲ್ ಒಂದರಿಂದಲೇ ಕೆಲಸ ಸಿಗುತ್ತದೆ ಅಂತ ನಾನು ಯಾರಿಗೂ ಹೇಳುವುದಿಲ್ಲ. ಮಾತುಕತೆಯೇ ಸಪ್ಪೆಯಾಗಿದ್ದರೆ ಇದು ಅದನ್ನು ಎತ್ತಿ ನಿಲ್ಲಿಸುವುದಿಲ್ಲ. ಇಬ್ಬರು ಸರಿಸಮ ಅನ್ನಿಸಿ ಅವರು ಯೋಚನೆಯಲ್ಲಿದ್ದಾಗ, ಆ ಮರಳಿನ ಬಗ್ಗೆ ಹೇಳಿದ ಹುಡುಗ ಅಂತ ನೆನಪಾಗಬಹುದು. ಕಾಲೇಜಿನ ಕ್ಯಾಂಪಸ್ ಡ್ರೈವ್‌ನಲ್ಲಿ ನೂರಾರು ಜನರನ್ನು ಒಂದೇ ದಿನ ನೋಡಿದಾಗ ಅಷ್ಟೂ ಆಗುವುದು ಕಷ್ಟ.

ಇನ್ನು ಸರಕಾರಿ ಹುದ್ದೆ, ಬ್ಯಾಂಕ್, ಸಾರ್ವಜನಿಕ ಉದ್ದಿಮೆಗಳ ಇಂಟರ್‌ವ್ಯೂ ಆಗಿದ್ದರೆ ಕಳಿಸಲೇಬೇಡಿ. ಅಲ್ಲಿನ ಅಧಿಸೂಚನೆಗಳಲ್ಲಿ, ಶಿಫಾರಸು ಮಾಡಿಸಿದರೆ ಅಥವಾ ಪ್ರಭಾವ ಬೀರಲು ನೋಡಿದರೆ ಅನರ್ಹರಾಗುತ್ತೀರಿ ಅಂತ ಸಾಮಾನ್ಯವಾಗಿ ಬರೆದಿರುತ್ತದೆ. ನಿಮ್ಮ ಧನ್ಯವಾದವನ್ನು ಅವರು ಹಾಗೆ ಓದಿಕೊಂಡರೆ ಸುಮ್ನೆ ತೊಂದರೆ.

ಉತ್ತರ ಬರದಿದ್ದರೆ ಎರಡನೇ ಧನ್ಯವಾದ ಕಳಿಸಬೇಡಿ. ಅವರು ಹೇಳಿದ ದಿನ ದಾಟಿದ ಮೇಲೆ ಎಚ್‌ಆರ್‌ಗೆ ಒಂದು ಫೋನ್ ಮಾಡಿ ಕೇಳಿ. ಪ್ಲಾಂಟ್ ಹೆಡ್ ತಿರುಗಿ ಏನಾದರೂ ಪ್ರಶ್ನೆ ಕೇಳಿದರೆ ಮಾತ್ರ ಅದೇ ದಿನ ಉತ್ತರ ಬರೆಯಿರಿ, ಕೇಳಿದಷ್ಟಕ್ಕೆ.